‘ಸೋಮವಾರದಿಂದ ಬರುವುದು ಬೇಡ’: ಒಬ್ಬ ಗುಮಾಸ್ತ, ಒಂದು ರಾಜೀನಾಮೆ ಹಾಳೆ, ಹದಿನೆಂಟು ಕೆ.ಜಿ. ಗೇರುಬೀಜ

2026ರ ಜನವರಿ 10, ಶನಿವಾರ ಸಂಜೆ. ಮಂಗಳೂರಿನ ಬೈಕಂಪಾಡಿ ಕಡೆಯ ಒಂದು ಗೇರುಬೀಜ ಕಾರ್ಖಾನೆಯಲ್ಲಿ ಕೆಲಸ ಬಿಡುವ ಹೊತ್ತಿಗೆ ಮ್ಯಾನೇಜರ್ ಗುಮಾಸ್ತನನ್ನು ಒಳಗೆ ಕರೆಯುತ್ತಾರೆ. “ಸ್ಟಾಕಿನಲ್ಲಿ ಹದಿನೆಂಟು ಕೆ.ಜಿ. ತಿರುಳು ಕಡಿಮೆ ಬಂದಿದೆ. ಸೋಮವಾರದಿಂದ ನೀವು ಬರುವುದು ಬೇಡ.” ಮೇಜಿನ ಮೇಲೆ ಟೈಪ್ ಮಾಡಿದ ಹಾಳೆಯೊಂದು ಸಿದ್ಧವಾಗಿದೆ: ‘ವೈಯಕ್ತಿಕ ಕಾರಣಗಳಿಂದ ನನ್ನ ಹುದ್ದೆಗೆ ರಾಜೀನಾಮೆ ನೀಡುತ್ತಿದ್ದೇನೆ.’ ಸಹಿ ಹಾಕಿದರೆ ಪೊಲೀಸ್ ಕಂಪ್ಲೇಂಟ್ ಇಲ್ಲ, ಲೆಕ್ಕ ಚುಕ್ತಾ ಮಾಡಿ ಕಳಿಸುತ್ತೇವೆ ಎಂಬ ಮಾತೂ ಬರುತ್ತದೆ. ಗುಮಾಸ್ತನಿಗೆ ಕೈಕಾಲು ತಣ್ಣಗಾಗುತ್ತದೆ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಹೊರಗೆ ಬರುತ್ತಾನೆ.

ಈ ಗುಮಾಸ್ತ ನಿಜವಾದ ಯಾವೊಬ್ಬ ವ್ಯಕ್ತಿಯೂ ಅಲ್ಲ. ಕೆಲಸ ಕಳೆದುಕೊಂಡ ಮೊದಲ ಕೆಲವು ವಾರಗಳಲ್ಲಿ ಕಾನೂನು ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಜಾರುತ್ತದೆ ಎಂದು ತೋರಿಸಲು ಕಟ್ಟಿಕೊಂಡ ಉದಾಹರಣೆ. ಅವನ ವಿವರ ಇಷ್ಟು: 2018ರ ಜೂನ್ 1ಕ್ಕೆ ಸೇರಿದವನು. ಕೈಗೆ ತಿಂಗಳಿಗೆ 24,000 ರೂಪಾಯಿಯ ಲೆಕ್ಕ. ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 20,800, ಉಳಿದದ್ದು ಮನೆ ಬಾಡಿಗೆ ಮತ್ತು ಓಡಾಟದ ಭತ್ಯೆ. ಕೆಲಸ ತೂಕ ಬರೆಯುವುದು, ಹಾಜರಿ ಬರೆಯುವುದು, ಲಾರಿ ಬಂದಾಗ ಮೂಟೆ ಎಣಿಸುವುದು. ಮೂರು ವರ್ಷದ ಹಿಂದೆ ಸಂಬಳ ಚೀಟಿಯಲ್ಲಿ ಅವನ ಹುದ್ದೆಯ ಹೆಸರು ‘ಕ್ಲರ್ಕ್’ ಹೋಗಿ ‘ಸೂಪರ್‌ವೈಸರ್’ ಆಯಿತು. ಆಗ ಅವನು ಅದನ್ನು ಬಡ್ತಿ ಎಂದುಕೊಂಡಿದ್ದ.

ಭಾನುವಾರ ಅವನು ಪರಿಚಯದ ಹಳೆಯ ಯೂನಿಯನ್ ಕಾರ್ಯಕರ್ತರೊಬ್ಬರ ಮನೆಗೆ ಹೋಗುತ್ತಾನೆ. ಅವರು ಕೇಳುವ ಮೊದಲ ಪ್ರಶ್ನೆ ಸ್ಟಾಕಿನ ಬಗ್ಗೆ ಅಲ್ಲ.

“ಎಂತಕ್ಕಾದರೂ ಸೈನ್ ಹಾಕಿದ್ದೀಯಾ?”

“ಇಲ್ಲಣ್ಣ.”

“ಹಾಗಾದರೆ ಕೇಸು ಇನ್ನೂ ನಿನ್ನ ಕೈಯಲ್ಲೇ ಉಂಟು.”

ಅವರು ಹಾಗೆ ಹೇಳುವುದಕ್ಕೆ ಕಾರಣವಿದೆ. ಕೆಲಸ ಹೋಯಿತು ಎನ್ನುವುದು ನಮಗೆ ಒಂದೇ ಸಂಗತಿ. ಕಾನೂನಿಗೆ ಅದು ಬೇರೆ ಬೇರೆ ಸಂಗತಿ. ಕಾರ್ಮಿಕ ತಾನಾಗಿ ಬಿಟ್ಟರೆ ಅದು ರಾಜೀನಾಮೆ. ಅದಕ್ಕೆ ನೋಟಿಸೂ ಇಲ್ಲ, ಪರಿಹಾರವೂ ಇಲ್ಲ, ವಿವಾದವೂ ಇಲ್ಲ. ತಪ್ಪು ಮಾಡಿದ್ದಕ್ಕೆ ಶಿಕ್ಷೆಯಾಗಿ ತೆಗೆದರೆ ಅದು ವಜಾ. ಅದಕ್ಕೆ ಮುಂಚೆ ಆರೋಪಪಟ್ಟಿ ಮತ್ತು ವಿಚಾರಣೆ ಆಗಬೇಕು. ಇವೆರಡೂ ಅಲ್ಲದೆ ಬೇರೆ ಯಾವ ಕಾರಣಕ್ಕೆ ತೆಗೆದರೂ, ನಿವೃತ್ತಿ, ಒಪ್ಪಂದದ ಅವಧಿ ಮುಗಿಯುವುದು, ದೀರ್ಘ ಅನಾರೋಗ್ಯದಂಥ ಕೆಲವನ್ನು ಬಿಟ್ಟು, ಅದು ರಿಟ್ರೆಂಚ್‌ಮೆಂಟ್. ಅದಕ್ಕೆ ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಆ ತಿಂಗಳ ವೇತನ, ಜೊತೆಗೆ ಪರಿಹಾರ ಕೊಡಬೇಕು. ಶನಿವಾರ ಸಂಜೆ ಮಾಲೀಕರ ಕಡೆಯವರು ಮಾಡಿದ್ದು ವಜಾ, ಆದರೆ ಕಾಗದದಲ್ಲಿ ಅದನ್ನು ರಾಜೀನಾಮೆ ಎಂದು ಬರೆಸಿಕೊಳ್ಳಲು ನೋಡಿದರು. ಆ ಒಂದು ಸಹಿ ಬಿದ್ದಿದ್ದರೆ ವಿಚಾರಣೆ ನಡೆಸುವ ಹೊರೆ ಅವರ ಹೆಗಲಿನಿಂದ ಇಳಿದು, ಒತ್ತಾಯದಿಂದ ಬರೆಸಿಕೊಂಡರು ಎಂದು ಸಾಬೀತು ಮಾಡುವ ಹೊರೆ ಇವನ ಹೆಗಲಿಗೆ ಬರುತ್ತಿತ್ತು. ಸಹಿ ಹಾಕಿಯೇ ಬಂದವರಿಗೂ ದಾರಿ ಮುಚ್ಚಿಲ್ಲ. ಆದರೆ ಅವರು ಒಂದೆರಡು ದಿನದೊಳಗೆ ‘ಬೆದರಿಸಿ ಬರೆಸಿಕೊಂಡಿದ್ದಾರೆ, ಆ ರಾಜೀನಾಮೆಯನ್ನು ಹಿಂದೆಗೆದುಕೊಂಡಿದ್ದೇನೆ’ ಎಂದು ಪತ್ರ ಹಾಕಬೇಕು. ಆರು ತಿಂಗಳ ನಂತರ ಹೇಳಿದರೆ ಯಾರೂ ನಂಬುವುದಿಲ್ಲ.

ಸೂಪರ್‌ವೈಸರ್ ಎಂಬ ಹೆಸರು

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಜಾರಿಗೆ ಬಂದಿದೆ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಜಾಗದಲ್ಲಿ ಈಗ ಇದಿದೆ. ಹೊಸ ಸಂಹಿತೆಯಲ್ಲೂ ಗುಮಾಸ್ತಿಕೆಯ ಕೆಲಸ ಮಾಡುವವನು ‘ಕಾರ್ಮಿಕ’ನೇ. ಕೈಗೆ ಎಣ್ಣೆ ಮೆತ್ತಿದವರು ಮಾತ್ರ ಕಾರ್ಮಿಕರು, ಕುರ್ಚಿಯಲ್ಲಿ ಕೂತು ಬರೆಯುವವರು ಅಲ್ಲ ಎಂಬ ತಪ್ಪು ಕಲ್ಪನೆ ಇವತ್ತಿಗೂ ಎಷ್ಟೋ ಗುಮಾಸ್ತರಲ್ಲಿದೆ. ಅದು ಹಳೆಯ ಕಾಯ್ದೆಯಲ್ಲೂ ನಿಜವಾಗಿರಲಿಲ್ಲ.

ಆದರೆ ಮೇಲ್ವಿಚಾರಣೆಯ ಕೆಲಸದಲ್ಲಿದ್ದು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವವರು ಈ ಸಂಹಿತೆಯ ಪ್ರಕಾರ ಕಾರ್ಮಿಕರಲ್ಲ. ಹಳೆಯ ಕಾಯ್ದೆಯಲ್ಲಿ ಈ ಮಿತಿ 10,000 ಇತ್ತು. ನಮ್ಮ ಗುಮಾಸ್ತನ ವೇತನ 20,800, ಚೀಟಿಯಲ್ಲಿ ಹೆಸರು ಸೂಪರ್‌ವೈಸರ್. ‘ಇವರು ಕಾರ್ಮಿಕರೇ ಅಲ್ಲ, ಕಾರ್ಮಿಕ ಇಲಾಖೆಗೆ ಬರುವ ಅರ್ಹತೆಯೇ ಇವರಿಗಿಲ್ಲ’ ಎನ್ನುವುದು ಮಾಲೀಕರ ಮೊದಲ ಆಕ್ಷೇಪವಾಗಿ ಬರುತ್ತದೆ ಎಂದು ಈಗಲೇ ಹೇಳಬಹುದು. ಮೂರು ವರ್ಷದ ಹಿಂದಿನ ಆ ‘ಬಡ್ತಿ’ಯ ನಿಜವಾದ ಉಪಯೋಗ ಈಗ ತಿಳಿಯುತ್ತದೆ.

ಇದಕ್ಕೆ ಉತ್ತರವೂ ಇದೆ. ಹುದ್ದೆಯ ಹೆಸರನ್ನು ನೋಡಬೇಡಿ, ಮನುಷ್ಯ ಮುಖ್ಯವಾಗಿ ಮಾಡುವ ಕೆಲಸವನ್ನು ನೋಡಿ ಎಂದು ಸುಪ್ರೀಂ ಕೋರ್ಟ್ 1985ರಲ್ಲಿ ಅರ್ಕಲ್ ಗೋವಿಂದರಾಜ ರಾವ್ ಪ್ರಕರಣದಲ್ಲಿ ಹೇಳಿದೆ. ಅಂದಿನಿಂದ ಕೇಳುವ ಪ್ರಶ್ನೆಗಳು ತೀರ ಸರಳ. ಇವನು ಯಾರಿಗಾದರೂ ರಜೆ ಮಂಜೂರು ಮಾಡಬಲ್ಲನೇ? ಯಾರಿಗೆ ಯಾವ ಕೆಲಸ ಎಂದು ಹಂಚುತ್ತಾನೆಯೇ? ಯಾರ ಮೇಲಾದರೂ ಕ್ರಮಕ್ಕೆ ಶಿಫಾರಸು ಮಾಡಿದ್ದಾನೆಯೇ? ತಿರುಳು ಸುಲಿಯುವ ಸಾಲಿನಲ್ಲಿ ಕೂತ ಹೆಂಗಸರಿಗೆ ರಜೆ ಬೇಕಾದರೆ ಅವರು ಹೋಗುವುದು ಮ್ಯಾನೇಜರ್ ಹತ್ತಿರ. ಇವನು ಅವರು ಸುಲಿದ ತೂಕವನ್ನು ಪುಸ್ತಕಕ್ಕೆ ಬರೆಯುತ್ತಾನೆ, ಅಷ್ಟೇ. ಹಾಗಾಗಿ ತನ್ನ ದಿನದ ಕೆಲಸ ಬೆಳಗ್ಗೆಯಿಂದ ಸಂಜೆಯವರೆಗೆ ಏನು ಎಂದು ಒಂದು ಪುಟದಲ್ಲಿ, ನೆನಪು ಹಸಿಯಾಗಿರುವಾಗಲೇ, ಬರೆದಿಟ್ಟುಕೊಳ್ಳುವುದು ಅವನು ಆ ಭಾನುವಾರ ಮಾಡಿದ ಮೊದಲ ಕೆಲಸ. ಎರಡು ವರ್ಷದ ನಂತರ ಪಾಟೀಸವಾಲಿನಲ್ಲಿ ಅವನ ಬಾಯಿಂದ “ಹೌದು, ಹೆಂಗಸರನ್ನು ನೋಡಿಕೊಳ್ಳುತ್ತಿದ್ದೆ” ಎಂಬ ಒಂದು ಸಡಿಲ ವಾಕ್ಯ ಬಂದರೆ ಸಾಕು, ಇಡೀ ಪ್ರಕರಣ ಅಲ್ಲೇ ಕುಸಿಯಬಹುದು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಖಾಸಗಿ ಕಾರ್ಖಾನೆಯಾದ್ದರಿಂದ ಈ ವಿವಾದ ರಾಜ್ಯದ ಕಾರ್ಮಿಕ ಇಲಾಖೆಗೆ ಸೇರಿದ್ದು. ಪಣಂಬೂರಿನ ಬಂದರು, ಬ್ಯಾಂಕು ಮುಂತಾದ ಕಡೆ ಕೆಲಸ ಮಾಡುವವರು ಕೇಂದ್ರದ ಕಾರ್ಮಿಕ ಆಯುಕ್ತರ ವ್ಯವಸ್ಥೆಗೆ ಹೋಗಬೇಕು. ತಪ್ಪಾದ ಬಾಗಿಲು ತಟ್ಟಿ ತಿಂಗಳುಗಟ್ಟಲೆ ಕಾಯುವವರು ಈ ಕರಾವಳಿಯಲ್ಲಿ ಕಡಿಮೆ ಇಲ್ಲ.

ಮೊದಲ ಪತ್ರ

ಸೋಮವಾರ ಬೆಳಗ್ಗೆ ಅವನು ಎಂದಿನ ಹೊತ್ತಿಗೆ ಗೇಟಿಗೆ ಹೋಗುತ್ತಾನೆ. ಒಳಗೆ ಬಿಡಬಾರದೆಂದು ಹೇಳಿದ್ದಾರೆ ಎನ್ನುತ್ತಾನೆ ವಾಚ್‌ಮನ್. ಜಗಳ ಮಾಡದೆ, ಗೇಟಿನ ಹೊರಗೆ ನಿಂತು ಮ್ಯಾನೇಜರ್‌ಗೆ ವಾಟ್ಸಾಪ್ ಸಂದೇಶ ಹಾಕುತ್ತಾನೆ: ‘ಸರ್, ಕೆಲಸಕ್ಕೆ ಬಂದಿದ್ದೇನೆ. ಗೇಟಿನಲ್ಲಿ ತಡೆದಿದ್ದಾರೆ. ಒಳಗೆ ಬಿಡಲು ಹೇಳಿ.’ ಉತ್ತರ ಬರುವುದಿಲ್ಲ, ಆದರೆ ಓದಿದ ನೀಲಿ ಗುರುತು ಬೀಳುತ್ತದೆ. ಈ ಹೋಗಿ ನಿಲ್ಲುವ ಕೆಲಸ ಅವಮಾನದ್ದು. ಆದರೂ ಅದನ್ನು ಬಿಡಬಾರದು, ಏಕೆಂದರೆ ಬಾಯಿಮಾತಿನಲ್ಲಿ ತೆಗೆದವರ ಮುಂದಿನ ವಾದ ಹೆಚ್ಚುಕಡಿಮೆ ಯಾವಾಗಲೂ ಒಂದೇ ಆಗಿರುತ್ತದೆ: ‘ನಾವು ತೆಗೆದೇ ಇಲ್ಲ, ಅವರೇ ಬರುವುದನ್ನು ನಿಲ್ಲಿಸಿದರು.’

ಮಂಗಳವಾರ, ಜನವರಿ 13ರಂದು ಅವನು ಕಾರ್ಖಾನೆಗೆ ಒಂದು ಪತ್ರ ಬರೆಯುತ್ತಾನೆ. ನೋಂದಾಯಿತ ಅಂಚೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ವಿಲೀನ ಮಾಡಿರುವುದರಿಂದ ಈಗ ಸ್ಪೀಡ್ ಪೋಸ್ಟ್‌ನಲ್ಲೇ ನೋಂದಣಿ ಮತ್ತು ತಲುಪಿದ ಪುರಾವೆ ಬೇಕು ಎಂದು ಕೇಳಿ ಕಳಿಸಬೇಕು. ಪತ್ರ ಉದ್ದ ಇರಬೇಕಿಲ್ಲ. ಅವನು ಬರೆದದ್ದು ಹೀಗೆ:

‘2018ರ ಜೂನ್ 1ರಿಂದ ತಮ್ಮ ಕಾರ್ಖಾನೆಯಲ್ಲಿ ಗುಮಾಸ್ತನಾಗಿ ದುಡಿಯುತ್ತಿದ್ದೇನೆ. 10-01-2026ರಂದು ಸಂಜೆ ಮ್ಯಾನೇಜರ್ ಅವರು ಸೋಮವಾರದಿಂದ ಕೆಲಸಕ್ಕೆ ಬರಬೇಡಿ ಎಂದು ಬಾಯಿಮಾತಿನಲ್ಲಿ ಹೇಳಿ, ರಾಜೀನಾಮೆ ಪತ್ರಕ್ಕೆ ಸಹಿ ಹಾಕಲು ಒತ್ತಾಯಿಸಿದರು. ನಾನು ಸಹಿ ಹಾಕಿಲ್ಲ, ರಾಜೀನಾಮೆ ಕೊಟ್ಟಿಲ್ಲ. 12-01-2026ರಂದು ಕೆಲಸಕ್ಕೆ ಬಂದಾಗ ಗೇಟಿನಲ್ಲಿ ತಡೆಯಲಾಯಿತು. ನನ್ನ ಮೇಲೆ ಆರೋಪವಿದ್ದರೆ ಲಿಖಿತವಾಗಿ ಕೊಡಬೇಕು. ಉತ್ತರ ಕೊಡಲು ಸಿದ್ಧನಿದ್ದೇನೆ. ಕೆಲಸ ಮಾಡಲು ಈಗಲೂ ಸಿದ್ಧನಿದ್ದೇನೆ.’

ಇದರಲ್ಲಿ ಬೈಗುಳ ಇಲ್ಲ, ಕಾನೂನಿನ ಕಲಂಗಳಿಲ್ಲ, ಬೇಡಿಕೊಳ್ಳುವ ಮಾತೂ ಇಲ್ಲ. ಸ್ಟಾಕಿನ ಬಗ್ಗೆ ಒಂದಕ್ಷರವಿಲ್ಲ ಎನ್ನುವುದನ್ನೂ ಗಮನಿಸಬೇಕು. ಆರೋಪ ಲಿಖಿತವಾಗಿ ಬರುವ ಮುಂಚೆ ಅದಕ್ಕೆ ಸಮಜಾಯಿಷಿ ಕೊಡಲು ಹೋದವರು ‘ಸ್ವಲ್ಪ ಹೆಚ್ಚುಕಮ್ಮಿ ಆಗಿರಬಹುದು, ದಯವಿಟ್ಟು ಕ್ಷಮಿಸಿ’ ಎಂದು ಬರೆದು ಕೊಡುತ್ತಾರೆ. ಅದೇ ವಾಕ್ಯ ಮುಂದೆ ತಪ್ಪೊಪ್ಪಿಗೆಯಾಗಿ ಓದಲ್ಪಡುತ್ತದೆ.

ಜನವರಿ 24ಕ್ಕೆ ಉತ್ತರ ಬರುತ್ತದೆ. ನಿರೀಕ್ಷಿಸಿದ್ದೇ: ‘ತಾವು ಜನವರಿ 12ರಿಂದ ಅನುಮತಿಯಿಲ್ಲದೆ ಗೈರಾಗಿದ್ದೀರಿ. ಆದ್ದರಿಂದ ತಾವು ಸ್ವಇಚ್ಛೆಯಿಂದ ಕೆಲಸ ತ್ಯಜಿಸಿದ್ದೀರೆಂದು ಭಾವಿಸಿ ತಮ್ಮ ಹೆಸರನ್ನು ಹಾಜರಿ ಪಟ್ಟಿಯಿಂದ ತೆಗೆಯಲಾಗಿದೆ.’

ಈ ಪತ್ರ ಓದಿದಾಗ ಗುಮಾಸ್ತ ಸೋತೆ ಎಂದುಕೊಳ್ಳುತ್ತಾನೆ. ನಿಜಕ್ಕೂ ಅದು ಅವನಿಗೆ ಸಿಕ್ಕ ಮೊದಲ ಒಳ್ಳೆಯ ದಾಖಲೆ. ಇಷ್ಟು ದಿನ ಗೈರಾದರೆ ಕೆಲಸ ಬಿಟ್ಟಂತೆ ಎಂದು ಕಾರ್ಖಾನೆಯ ನಿಯಮದಲ್ಲೇ ಬರೆದಿದ್ದರೂ, ವಿಚಾರಣೆ ಮಾಡದೆ, ಹೇಳಿಕೊಳ್ಳಲು ಅವಕಾಶ ಕೊಡದೆ ಹೆಸರು ಹೊಡೆದುಹಾಕುವುದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ 1993ರಲ್ಲಿ ಡಿ.ಕೆ. ಯಾದವ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಗೈರುಹಾಜರಿಗಾಗಿ ಹೆಸರು ತೆಗೆಯುವುದೂ ರಿಟ್ರೆಂಚ್‌ಮೆಂಟ್ ಎಂದು 1982ರಲ್ಲೇ, ರಾಬರ್ಟ್ ಡಿಸೋಜ ಎಂಬ ರೈಲ್ವೆ ಕಾರ್ಮಿಕರ ಪ್ರಕರಣದಲ್ಲಿ, ಅದೇ ಕೋರ್ಟು ಹೇಳಿತ್ತು. ಜನವರಿ 12ರ ವಾಟ್ಸಾಪ್ ಸಂದೇಶ ಮತ್ತು 13ರ ಸ್ಪೀಡ್ ಪೋಸ್ಟ್ ಈ ‘ಗೈರು’ ಎಂಬ ಮಾತಿನ ಬುಡವನ್ನೇ ಅಲ್ಲಾಡಿಸುತ್ತವೆ.

ಇಲ್ಲಿ ಹೊಸ ಸಂಹಿತೆಯ ಬಗ್ಗೆ ಚಿಂತೆಗೆ ಕಾರಣವಾದ ವಿಷಯವೊಂದಿದೆ. ಯಾವುದು ದುರ್ನಡತೆ, ಅದಕ್ಕೆ ವಿಚಾರಣೆ ಹೇಗೆ ಎಂದು ಬರೆದಿಡುವ ಸ್ಥಾಯಿ ಆದೇಶಗಳು ಕೇಂದ್ರದ ಹಳೆಯ ಕಾಯ್ದೆಯಲ್ಲಿ 100 ಕಾರ್ಮಿಕರಿರುವ ಕಡೆ ಕಡ್ಡಾಯವಾಗಿದ್ದವು. ಈಗ 300 ಜನರಿರುವ ಕಡೆ ಮಾತ್ರ. ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಇದು ನಿಜವಾದ ನಷ್ಟ. ಗೋಡೆಯ ಮೇಲೆ ಅಂಟಿಸಿರುತ್ತಿದ್ದ ನಿಯಮ ಅವರ ಪಾಲಿಗೆ ಇಲ್ಲವಾಗುತ್ತದೆ. ಆದರೆ ಸ್ಥಾಯಿ ಆದೇಶ ಇಲ್ಲ ಎಂದರೆ ವಿಚಾರಣೆಯೂ ಬೇಕಿಲ್ಲ ಎಂದು ಕೆಲವು ಮಾಲೀಕರು ಅರ್ಥ ಮಾಡಿಕೊಂಡಿರುವುದು ತಪ್ಪು. ಹೇಳಿಕೊಳ್ಳಲು ಅವಕಾಶ ಕೊಡಬೇಕೆಂಬುದು ಆ ಆದೇಶಗಳಿಂದ ಹುಟ್ಟಿದ್ದಲ್ಲ.

ಹದಿನೆಂಟು ಕೆ.ಜಿ. ಎಲ್ಲಿ ಹೋಯಿತು

ಮಾಲೀಕರ ವಕೀಲರು ಬುದ್ಧಿವಂತರಾದರೆ ‘ಗೈರು’ ವಾದ ನಿಲ್ಲುವುದಿಲ್ಲ ಎಂದು ಅವರಿಗೆ ಬೇಗ ತಿಳಿಯುತ್ತದೆ. ಆಗ ಸ್ಟಾಕಿನ ಆರೋಪ ಮತ್ತೆ ಎದ್ದು ಬರುತ್ತದೆ. ವಿಚಾರಣೆ ನಡೆಸದೆ ತೆಗೆದಿದ್ದರೂ, ದುರ್ನಡತೆಯನ್ನು ನ್ಯಾಯಾಲಯದ ಮುಂದೆಯೇ ಸಾಬೀತು ಮಾಡುತ್ತೇವೆ ಎಂದು ಕೇಳಿಕೊಳ್ಳಲು ಅವರಿಗೆ ಅವಕಾಶವಿದೆ. ಆದ್ದರಿಂದ ಗುಮಾಸ್ತ ಆ ಹದಿನೆಂಟು ಕೆ.ಜಿ.ಗೆ ಉತ್ತರ ಇಟ್ಟುಕೊಂಡಿರಲೇಬೇಕು.

ಗೇರುಬೀಜವನ್ನು ಹಬೆಯಲ್ಲಿ ಬೇಯಿಸಿ, ಒಡೆದು, ತಿರುಳು ತೆಗೆದ ಮೇಲೆ ಅದರಲ್ಲಿ ತೇವ ಇರುತ್ತದೆ. ಮೇಲಿನ ಕೆಂಪು ಸಿಪ್ಪೆ ಬಿಡಿಸಲು ಬರಬೇಕಾದರೆ ಅದನ್ನು ಬೋರ್ಮಾದಲ್ಲಿ, ಅಂದರೆ ಒಣಗಿಸುವ ಬಿಸಿ ಕೋಣೆಯಲ್ಲಿ, ಇಡಬೇಕು. ಅಲ್ಲಿಂದ ಹೊರಬರುವಾಗ ತೂಕ ಇಳಿದಿರುತ್ತದೆ. ನಮ್ಮ ಉದಾಹರಣೆಯಲ್ಲಿ 500 ಕೆ.ಜಿ. ತಿರುಳು ನೂರಕ್ಕೆ 8ರಷ್ಟು ತೇವದೊಂದಿಗೆ ಬೋರ್ಮಾಗೆ ಹೋಗಿ, ನಾಲ್ಕೂವರೆಯಷ್ಟು ತೇವದೊಂದಿಗೆ ಹೊರಬಂತು ಎನ್ನೋಣ. ಒಳಗೆ ಹೋಗುವಾಗ ಅದರಲ್ಲಿದ್ದ ಒಣ ಅಂಶ 460 ಕೆ.ಜಿ. ಆ 460 ಕೆ.ಜಿ. ಹೊರಬಂದ ಮಾಲಿನ ನೂರಕ್ಕೆ ತೊಂಬತ್ತೈದೂವರೆ ಭಾಗ. ಲೆಕ್ಕ ಹಾಕಿದರೆ ಹೊರಬಂದ ತೂಕ ಸುಮಾರು 482 ಕೆ.ಜಿ. ಕಾಣೆಯಾದ ಹದಿನೆಂಟು ಕೆ.ಜಿ. ಹಬೆಯಾಗಿ ಹೋದ ನೀರು. ಒಳಗಿನ ತೂಕವನ್ನು ಒಂದು ಪುಸ್ತಕದಿಂದಲೂ ಹೊರಗಿನ ತೂಕವನ್ನು ಇನ್ನೊಂದರಿಂದಲೂ ತೆಗೆದು ಪಕ್ಕಪಕ್ಕ ಇಟ್ಟರೆ ಅದು ಕಳ್ಳತನದ ಹಾಗೆ ಕಾಣುತ್ತದೆ.

ಆರೋಪಪಟ್ಟಿ ಲಿಖಿತವಾಗಿ, ನಿರ್ದಿಷ್ಟವಾಗಿ ಬರಬೇಕು ಎಂದು ಹಟ ಹಿಡಿಯುವುದು ಇದಕ್ಕಾಗಿ. ‘ಸ್ಟಾಕ್ ಕಡಿಮೆ ಬಂದಿದೆ’ ಎಂದರೆ ಯಾರೂ ಉತ್ತರ ಕೊಡಲಾರರು. ಯಾವ ದಿನದ ಮಾಲು, ಯಾವ ಹಂತದಲ್ಲಿ ತೂಗಿದ್ದು, ಯಾವ ಕಾಟದಲ್ಲಿ, ಬೋರ್ಮಾಗೆ ಹಾಕುವ ಮುಂಚೆಯೋ ಆಮೇಲೆಯೋ ಎಂದು ಬರೆದರೆ ಆರೋಪವೇ ತನ್ನ ಉತ್ತರವನ್ನು ಹೇಳಿಬಿಡುತ್ತದೆ. ಸರಿಯಾದ ವಿಚಾರಣೆಯಲ್ಲಿ ಗುಮಾಸ್ತನಿಗೆ ಆ ಎರಡೂ ಪುಸ್ತಕಗಳನ್ನು ನೋಡಲು, ತೂಗಿದವರನ್ನು ಪ್ರಶ್ನಿಸಲು, ತನ್ನ ಕಡೆಯ ಸಾಕ್ಷಿ ಕರೆಯಲು ಅವಕಾಶ ಇರಬೇಕು. ಆರೋಪ ಮಾಡಿದ ಮ್ಯಾನೇಜರೇ ವಿಚಾರಣಾಧಿಕಾರಿಯಾಗಿ ಕೂರಬಾರದು. ನಡಾವಳಿ ಅವನಿಗೆ ಓದಲು ಬರುವ ಭಾಷೆಯಲ್ಲಿರಬೇಕು. ಓದಲಾಗದ ಭಾಷೆಯ ಹಾಳೆಗಳಿಗೆ ಸಾಲಾಗಿ ಸಹಿ ಹಾಕಿಸಿಕೊಂಡ ವಿಚಾರಣೆಗಳು ಕೋರ್ಟಿನಲ್ಲಿ ಬಿದ್ದುಹೋಗುತ್ತವೆ, ಆದರೆ ಸಹಿ ಹಾಕುವಾಗಲೇ ‘ನನಗೆ ಓದಿ ಹೇಳಿಲ್ಲ’ ಎಂದು ಕೆಳಗೆ ಬರೆದಿದ್ದರೆ ಮಾತ್ರ ಅದನ್ನು ಹೇಳುವುದು ಸುಲಭ.

ಕಳ್ಳತನದ ಆರೋಪವನ್ನು ಹಗುರವಾಗಿ ಬಿಡಬಾರದೆಂಬುದಕ್ಕೆ ಇನ್ನೊಂದು ಕಾರಣ ಗ್ರಾಚ್ಯುಟಿ. ನೈತಿಕ ಅಧಃಪತನದ ಅಪರಾಧವೆನಿಸುವ ದುರ್ನಡತೆಗೆ ವಜಾ ಆದರೆ ಗ್ರಾಚ್ಯುಟಿ ತಡೆಹಿಡಿಯಬಹುದು. ಅದಕ್ಕೆ ಕ್ರಿಮಿನಲ್ ಕೋರ್ಟಿನಲ್ಲಿ ಶಿಕ್ಷೆಯಾಗಿರಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಅಂದರೆ ಕಾರ್ಖಾನೆಯ ಒಳಗಿನ ವಿಚಾರಣೆಯ ತೀರ್ಮಾನವೇ ಆ ಹಣವನ್ನು ನುಂಗಬಲ್ಲದು. ಕೋಪದಿಂದ ವಿಚಾರಣೆಗೆ ಹೋಗದೆ ಮನೆಯಲ್ಲಿ ಕೂರುವವರು ಇದನ್ನು ನೆನಪಿಡಬೇಕು.

ಪುರಾವೆ ಕೂಡಿಸುವಾಗ ಒಂದು ಎಚ್ಚರ. ಕಾರ್ಖಾನೆಯ ಪುಸ್ತಕಗಳನ್ನು ಮನೆಗೆ ತರಬಾರದು. ಹೊಸ ಕಳ್ಳತನದ ಆರೋಪಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ಇಂಥಿಂಥ ದಿನಾಂಕದ ತೂಕದ ಪುಸ್ತಕ, ಹಾಜರಿ ಪುಸ್ತಕ, ವೇತನ ಪಟ್ಟಿ ಹಾಜರುಪಡಿಸಲು ಆದೇಶಿಸಿ ಎಂದು ನ್ಯಾಯಾಲಯಕ್ಕೆ ಅರ್ಜಿ ಹಾಕುವುದು ದಾರಿ. ರಿಟ್ರೆಂಚ್‌ಮೆಂಟಿನ ಹಕ್ಕು ಕೇಳಲು ಹನ್ನೆರಡು ತಿಂಗಳಲ್ಲಿ 240 ದಿನ ದುಡಿದದ್ದನ್ನು ಕಾರ್ಮಿಕನೇ ತೋರಿಸಬೇಕು ಎಂದು ಕರ್ನಾಟಕದಿಂದ ಹೋದ ಹಾದಿಮನಿ ಪ್ರಕರಣದಲ್ಲಿ 2002ರಲ್ಲಿ ತೀರ್ಪಾಯಿತು. ಆದರೆ ಕಾರ್ಮಿಕ ಪ್ರಮಾಣ ಮಾಡಿ ಹೇಳಿ, ದಾಖಲೆ ತರಿಸಿ ಎಂದು ಕೇಳಿದ ಮೇಲೂ ಮಾಲೀಕರು ತರದಿದ್ದರೆ ಅದನ್ನು ಅವರ ವಿರುದ್ಧ ಎಣಿಸಬಹುದು ಎಂಬ ದಾರಿಯನ್ನು, ಇದೇ ರಾಜ್ಯದ ಯಲ್ಲಟ್ಟಿ ಪ್ರಕರಣ ತೆರೆಯಿತು. ಅರ್ಜಿ ಹಾಕದೆ ಸುಮ್ಮನಿದ್ದವನಿಗೆ ಎರಡನೆಯದರ ಲಾಭ ಸಿಗುವುದಿಲ್ಲ. ನಮ್ಮ ಗುಮಾಸ್ತನಿಗೆ ಪಿ.ಎಫ್. ಪಾಸ್‌ಬುಕ್ಕೇ ಏಳು ವರ್ಷದ ಸಾಕ್ಷಿ. ಅವನು ಅದೇ ವಾರ ಪಿ.ಎಫ್. ಜಾಲತಾಣದಲ್ಲಿ Date of Exit, ಅಂದರೆ ಕೆಲಸ ಬಿಟ್ಟ ದಿನ, ಏನು ತುಂಬಿದ್ದಾರೆ, ಕಾರಣವೇನು ಕೊಟ್ಟಿದ್ದಾರೆ ಎಂದು ನೋಡಿ, ಪರದೆಯ ಚಿತ್ರ ತೆಗೆದಿಟ್ಟುಕೊಂಡ. ವಾಟ್ಸಾಪ್ ಸಂದೇಶಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುವುದರಿಂದ ಆ ಫೋನನ್ನು ಮಾರದೆ, ಸಂದೇಶ ಅಳಿಸದೆ ಇಟ್ಟುಕೊಳ್ಳಬೇಕು.

ಎರಡು ವರ್ಷ, ಮೂರಲ್ಲ

ಜನವರಿ 30ರಂದು ಅವನು ಮಂಗಳೂರಿನ ಕಾರ್ಮಿಕ ಇಲಾಖೆಯಲ್ಲಿ ಸಂಧಾನಾಧಿಕಾರಿಗೆ ಅರ್ಜಿ ಕೊಡುತ್ತಾನೆ. ಉಡುಪಿ ಜಿಲ್ಲೆಯ ಕಾರ್ಖಾನೆಯಾಗಿದ್ದರೆ ಅಲ್ಲಿನ ಕಾರ್ಮಿಕ ಅಧಿಕಾರಿಗೆ ಕೊಡಬೇಕಿತ್ತು. ಇದಕ್ಕೆ ವಕೀಲರು ಬೇಕಿಲ್ಲ. ಒಬ್ಬನೇ ಕಾರ್ಮಿಕನ ವಜಾ ಆದರೂ, ಯೂನಿಯನ್ ಜೊತೆಗಿಲ್ಲದಿದ್ದರೂ, ಅದು ಕೈಗಾರಿಕಾ ವಿವಾದವೇ. ಇಪ್ಪತ್ತು ಅಥವಾ ಹೆಚ್ಚು ಜನರಿರುವ ಕಡೆ ಕುಂದುಕೊರತೆ ಸಮಿತಿಯೂ ಇರಬೇಕು, ಆದರೆ ವಜಾ ಪ್ರಕರಣದಲ್ಲಿ ನೇರ ದಾರಿ ಇರುವಾಗ ಆ ಸಮಿತಿಯ ಉತ್ತರಕ್ಕೆಂದು ಕಾಯುತ್ತ ಕೂರುವುದು ಬುದ್ಧಿವಂತಿಕೆಯಲ್ಲ.

ಅರ್ಜಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿ ಬಹಳ ಮುಖ್ಯ. ಆ ದಿನಾಂಕದಿಂದ 45 ದಿನ ಕಳೆದ ಮೇಲೆ, ಅಂದರೆ ಇವನ ಲೆಕ್ಕದಲ್ಲಿ ಮಾರ್ಚ್ 16ರ ನಂತರ, ಸಂಧಾನ ಮುಗಿಯದಿದ್ದರೂ ಕಾರ್ಮಿಕ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಸಂಹಿತೆಯ ಹೊಸ ನ್ಯಾಯಮಂಡಳಿ ರಚನೆಯಾಗುವವರೆಗೆ ಆ ಕೆಲಸ ಈಗಿರುವ ಕಾರ್ಮಿಕ ನ್ಯಾಯಾಲಯದ್ದೇ. ಆದರೆ ಹಾಗೆ ಹೋಗಲು ಕೊನೆಯ ಗಡುವು ವಜಾ ಆದ ದಿನದಿಂದ ಎರಡು ವರ್ಷ. ಹಳೆಯ ಕಾಯ್ದೆಯಲ್ಲಿ ಇದು ಮೂರು ವರ್ಷ ಇತ್ತು, ಹಳೆಯ ಕರಪತ್ರಗಳಲ್ಲಿ ಇನ್ನೂ ಹಾಗೆಯೇ ಇದೆ. ಇವನ ಪಾಲಿಗೆ 2028ರ ಜನವರಿ 9ರೊಳಗೆ ಅರ್ಜಿ ಸಲ್ಲಬೇಕು. ‘ಮಳೆಗಾಲ ಕಳೆಯಲಿ, ಮತ್ತೆ ಕರೆಯುತ್ತೇವೆ’ ಎಂಬ ಮಾಲೀಕರ ಒಳ್ಳೆಯ ಮಾತನ್ನು ನಂಬಿ ಗಡುವು ದಾಟಿಸಿಕೊಳ್ಳುವುದು ಬಹಳ ಸುಲಭ.

ಸಂಧಾನಾಧಿಕಾರಿ ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ, ಆಗದಿದ್ದರೆ ವರದಿ ಬರೆಯುತ್ತಾರೆ. ಫೆಬ್ರವರಿಯ ಮೊದಲ ಸಭೆಯಲ್ಲಿ ಕಾರ್ಖಾನೆಯ ಪ್ರತಿನಿಧಿ ಹೇಳುತ್ತಾರೆ: “ನಾವು ಬೇಡ ಅಂದೇ ಇಲ್ಲ ಸರ್. ಈಗಲೂ ಬರಲಿ.” ಅನೇಕರು ಇಲ್ಲಿ ಎಡವುತ್ತಾರೆ. ಸಿಟ್ಟಿನಿಂದ “ಇನ್ನು ಅಲ್ಲಿಗೆ ಕಾಲಿಡುವುದಿಲ್ಲ” ಎಂದರೆ, ಕೆಲಸ ಕೊಟ್ಟರೂ ಬರಲಿಲ್ಲ ಎಂಬ ಸಾಲು ಕಡತಕ್ಕೆ ಸೇರುತ್ತದೆ. ಬಾಕಿ ವೇತನದ ಬೇಡಿಕೆ ಅಲ್ಲಿಗೆ ಸೊರಗುತ್ತದೆ. ಗುಮಾಸ್ತ “ಆಗಲಿ, ನಾಳೆಯೇ ಹಾಜರಾಗುತ್ತೇನೆ, ಕೆಲಸವಿಲ್ಲದ ದಿನಗಳ ವೇತನದ ಹಕ್ಕು ಬಿಟ್ಟಿಲ್ಲ ಎಂದು ನಡಾವಳಿಯಲ್ಲಿ ಬರೆಸಿ” ಎನ್ನುತ್ತಾನೆ. ಮರುದಿನ ಹಾಜರಾತಿ ಪತ್ರ ಹಿಡಿದು ಹೋಗುತ್ತಾನೆ. ಮತ್ತೆ ಅದೇ ಗೇಟು, ಅದೇ ತಡೆ. ಅದನ್ನೂ ಬರೆದು ಸಂಧಾನಾಧಿಕಾರಿಗೆ ಕೊಡುತ್ತಾನೆ.

ಎರಡನೆಯ ಸಭೆಯಲ್ಲಿ ಹಣದ ಮಾತು ಬರುತ್ತದೆ. “ಎಲ್ಲ ಸೇರಿ ಒಂದು ಲಕ್ಷ ಕೊಡುತ್ತೇವೆ, ಇವತ್ತೇ ಮುಗಿಸುವ.” ಕೆಲಸವಿಲ್ಲದೆ ಎರಡನೇ ತಿಂಗಳು ನಡೆಯುತ್ತಿರುವ ಮನೆಗೆ ಒಂದು ಲಕ್ಷ ದೊಡ್ಡದಾಗಿಯೇ ಕೇಳಿಸುತ್ತದೆ. ಗುಮಾಸ್ತ ಜೇಬಿನಿಂದ ತನ್ನ ಲೆಕ್ಕದ ಹಾಳೆ ತೆಗೆಯುತ್ತಾನೆ.

ಅವನ ಸೇವೆ ಏಳು ವರ್ಷ ಏಳು ತಿಂಗಳು. ಆರು ತಿಂಗಳು ಮೀರಿದ ತುಂಡನ್ನು ಪೂರ್ತಿ ವರ್ಷವೆಂದು ಎಣಿಸುವುದರಿಂದ ಎಂಟು ವರ್ಷ. ಗ್ರಾಚ್ಯುಟಿಗೆ 20,800ನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 12,000. ಎಂಟು ವರ್ಷಕ್ಕೆ 96,000 ರೂಪಾಯಿ. ಇದು ಐದು ವರ್ಷ ದಾಟಿದ ಯಾರಿಗೂ, ರಾಜೀನಾಮೆ ಕೊಟ್ಟು ಹೋದವರಿಗೂ, ಬರಬೇಕಾದ ಹಣ. ರಿಟ್ರೆಂಚ್‌ಮೆಂಟ್ ಪರಿಹಾರದಲ್ಲಿ 26ರ ಲೆಕ್ಕ ಬರುವುದಿಲ್ಲ, ಹದಿನೈದು ದಿನವೆಂದರೆ ಅರ್ಧ ತಿಂಗಳು. 10,400ರಂತೆ ಎಂಟು ವರ್ಷಕ್ಕೆ 83,200. ನೋಟಿಸ್ ಕೊಡದ ತಿಂಗಳಿಗೆ 20,800. ಹೊಸ ಸಂಹಿತೆಯಲ್ಲಿ ಮರುಕೌಶಲ ನಿಧಿ ಎಂದು ಮಾಲೀಕರು ಕಟ್ಟಬೇಕಾದ, 45 ದಿನದೊಳಗೆ ಕಾರ್ಮಿಕನ ಖಾತೆಗೆ ಬರಬೇಕಾದ ಹದಿನೈದು ದಿನದ ವೇತನ 10,400. ಒಟ್ಟು 2,10,400 ರೂಪಾಯಿ. ಜನವರಿಯ ಮೊದಲ ಹತ್ತು ದಿನಗಳ ಸಂಬಳ ಇದರಲ್ಲಿ ಸೇರಿಲ್ಲ; ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳೊಳಗೆ ಅದನ್ನು ಕೊಡಬೇಕಿತ್ತು.

ಮತ್ತು ಇದು ಕಾನೂನಿನಂತೆ ನೆಟ್ಟಗೆ ತೆಗೆದಿದ್ದರೆ ಕೊಡಬೇಕಾಗಿದ್ದ ಮೊತ್ತ ಮಾತ್ರ. ಇವನನ್ನು ಹಾಗೆ ತೆಗೆದಿಲ್ಲ. ಅಕ್ರಮ ವಜಾ ಎಂದು ಸಾಬೀತಾದರೆ ಸಾಮಾನ್ಯವಾಗಿ ಮರುನೇಮಕ ಮತ್ತು ಬಾಕಿ ವೇತನ ಎಂಬುದು 2013ರ ದೀಪಾಲಿ ಗುಂಡು ಸುರ್ವಸೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿ ಹಿಡಿದ ನಿಲುವು. ಅದಕ್ಕೆ ಕಾರ್ಮಿಕ ತನಗೆ ಬೇರೆ ಸಂಪಾದನೆ ಇರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಬೇಕು. ಹಾಗೆಂದು ಅದು ಖಚಿತವಾದ ಗಂಟಲ್ಲ. ಪ್ರಕರಣ ಮುಗಿಯಲು ವರ್ಷಗಳೇ ಬೇಕು, ಮಧ್ಯೆ ರಿಕ್ಷಾ ಓಡಿಸಿಯೋ ಅಂಗಡಿಯಲ್ಲಿ ಲೆಕ್ಕ ಬರೆದೋ ಗಳಿಸಿದ್ದನ್ನು ಬಚ್ಚಿಟ್ಟರೆ ಅದು ಪಾಟೀಸವಾಲಿನಲ್ಲಿ ಹೊರಬೀಳುತ್ತದೆ, ಕೆಲವೊಮ್ಮೆ ಕೋರ್ಟು ಮರುನೇಮಕದ ಬದಲು ಒಂದು ಮೊತ್ತ ಕೊಡಿಸಿ ಮುಗಿಸುತ್ತದೆ. ರಾಜಿಯಾಗುವುದು ತಪ್ಪೇನೂ ಅಲ್ಲ. ಯಾವುದಕ್ಕೆ ಎಷ್ಟು ಎಂದು ಬಿಡಿಸಿ ನೋಡದೆ ಆಗುವುದು ತಪ್ಪು.

ಹಾಳೆಯನ್ನು ಸಂಧಾನಾಧಿಕಾರಿಯ ಮೇಜಿನ ಮೇಲಿಟ್ಟು ಗುಮಾಸ್ತ ಹೇಳುತ್ತಾನೆ: “ಸರ್, ಇವರು ಹೇಳುವ ಒಂದು ಲಕ್ಷದಲ್ಲಿ ತೊಂಬತ್ತಾರು ಸಾವಿರ ನನ್ನದೇ ಗ್ರಾಚ್ಯುಟಿ. ಅದನ್ನು ಬೇರೆ ಕೊಡಲಿ. ಕೆಲಸ ತೆಗೆದದ್ದಕ್ಕೆ ನಾಲ್ಕು ಸಾವಿರ ಅಂತ ಆಯಿತಲ್ಲ, ಅದರ ಬಗ್ಗೆ ಆಮೇಲೆ ಮಾತಾಡುವ.”

ಕಾರ್ಖಾನೆಯ ಪ್ರತಿನಿಧಿ ಫೋನ್ ಹಿಡಿದು ಹೊರಗೆ ಹೋಗುತ್ತಾರೆ. ಹದಿನೈದು ನಿಮಿಷದ ನಂತರ ಬಂದು, ಗ್ರಾಚ್ಯುಟಿ ಪ್ರತ್ಯೇಕ ಚೆಕ್ಕಿನಲ್ಲಿ ಕೊಡಲು ಒಪ್ಪಿದ್ದಾರೆ, ಉಳಿದದ್ದಕ್ಕೆ ಮುಂದಿನ ತಾರೀಕು ಬೇಕು ಎನ್ನುತ್ತಾರೆ. ಚೆಕ್ಕಿನ ಜೊತೆ ಬಂದ ರಶೀದಿಯಲ್ಲಿ ‘ಎಲ್ಲ ಬಾಬ್ತು ಪೂರ್ಣ ಚುಕ್ತಾ’ ಎಂದು ಟೈಪ್ ಮಾಡಿರುತ್ತದೆ. ಗುಮಾಸ್ತ ಆ ಸಾಲನ್ನು ಹೊಡೆದು, ಪಕ್ಕದಲ್ಲಿ ಪೆನ್ನಿನಿಂದ ‘ಗ್ರಾಚ್ಯುಟಿ ಬಾಬ್ತು ಮಾತ್ರ, ವಜಾ ಕುರಿತ ವಿವಾದದ ಹಕ್ಕು ಕಾಯ್ದಿರಿಸಿ ಸ್ವೀಕರಿಸಿದೆ’ ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡುತ್ತಾನೆ.